ಕಾಂತಾಳ ಫೀ ಮತ್ತು ಏರಿದ ಬಂಗಾರ

1980ರ ಫೆಬ್ರುವರಿ. ಕುವೈತಿನಲ್ಲಿ ಎಂಜಿನಿಯರ್ ಆಗಿದ್ದ ಗುರುಪುತ್ರಪ್ಪನ ಪತ್ರವನ್ನು ಖಾಸಬಾಗದ ಮನೆಯಲ್ಲಿ ತಂಗಿ ಕಾಂತಾ ಅಪ್ಪ-ಅವ್ವನಿಗೆ ಓದಿ ಹೇಳುತ್ತಿದ್ದಳು. ಅವಳ ಡಾಕ್ಟರಿ ಓದಿಗೆ ಅವನು ಕಳಿಸಿದ ಹಣದಲ್ಲಿ, ಬಂಗಾರ ಇನ್ನೂ ಏರುವ ಮೊದಲೇ ಸರ ಮಾಡಿಸಿ ಅವಳಿಗೆ ಖಾನಾಪುರದ ಸಂಬಂಧ ಗಟ್ಟಿ ಮಾಡಲೇ ಎಂದು ಅಪ್ಪ ಪತ್ರ ಬರೆದು ಕೇಳಿದ್ದ.

"ಅಪ್ಪಾ, ಎಷ್ಟ್ ಸಲ ಬರೀಲಿ? ಲಂಡನ್ನಿನಾಗ ಬಂಗಾರ ಹೋದ ತಿಂಗಳ ಹುಚ್ಚನಂಗ ಏರಿ, ಈಗ ಇಳ್ಯಾಕ ಹತ್ತೈತಿ. ಬಂಗಾರದ ಗಟ್ಟಿ ಮನ್ಯಾಗ ಇಟ್ಕೊಳ್ಳಾಕ ಕಾಯ್ದೆ ಬಿಡೂದಿಲ್ಲ, ಒಡವಿನ ಮಾಡಿಸಬೇಕು. ನಾಳೆ ಮಾರಾಕ ಹೋದ್ರ ಪತ್ತಾರ ಮಜೂರಿ ತಿರುಗಿ ಕೊಡೂದಿಲ್ಲ, ಬೆಸುಗಿ ಐತಿ ಅಂತ ತೂಕಾನೂ ಕಡೀತಾನ. ಆ ರೊಕ್ಕ ಕಾಂತಾನ ಫೀ. ಮುಟ್ಟಬ್ಯಾಡ್ರಿ!"

ಅವ್ವ ಸಂಗವ್ವ ಸಿಡುಕಿದಳು. "ಅಡಚಣಿ ಬಂದ್ರ ಬಂಗಾರ ಒತ್ತಿ ಇಡಬಹುದು. ನಿನ್ನ ಓದು ಯಾರ ಇಟ್ಕೋತಾರ?"

"ಯಾರೂ ಇಟ್ಕೊಳ್ಳೂದಿಲ್ಲ ಯವ್ವಾ, ಯಾರೂ ಕಸಗೊಳ್ಳೂದೂ ಇಲ್ಲ. ಖಾನಾಪುರದವರಿಗೆ ಸರಾನ ಬೇಕಂದ್ರ, ಸರಕ್ಕ ತಾಳಿ ಕಟ್ಲಿ!"

ಅಪ್ಪ ದುಂಡಪ್ಪ ಚಪ್ಪಲಿ ಮೆಟ್ಟಿದ.

"ಪತ್ತಾರನ ಕಡಿ ಹೊಂಟ್ರೇನು?" ಸಂಗವ್ವ ಕೇಳಿದಳು.

"ಅಲ್ಲಿಂದ ಅವ ಬೈತಾನ, ಇಲ್ಲಿಂದ ಇಕಿ ಬೈತಾಳ. ಫೀ ತುಂಬಿ ಬರ್ತೀನಿ ಮಾರಾಯ್ತಿ, ಕಿವಿಯರ ತಣ್ಣಗಿರ್ಲಿ!"