ಇಳಿಜಾರಿನಲ್ಲಿ ಸಿಕ್ಕಿಬಿದ್ದ ಕೀಲಿ

"ಕೊನೆಗೆ ನಿನ್ನ ಬಾಯಿಗೆ ನೀರು ಬಿಡೂದು ನಾನೇ" ಎಂದು ಮೋಹಿನಿ ಮೂವತ್ತು ವರ್ಷಗಳ ಹಿಂದೆ ಮಕ್ಕಳಿಲ್ಲದ ಅಣ್ಣನಿಗೆ ಮಾತು ಕೊಟ್ಟಿದ್ದಳು.

ಈಗ ಅಣ್ಣ ಮಿರ್ಜಾನದಲ್ಲಿ ಮೇಲುಸಿರು ಬಿಡುತ್ತಿದ್ದ. ಇವಳು ಹೊನ್ನಾವರದ ತನ್ನ ಮನೆಯೆದುರು, ಇಳಿಜಾರಿನಲ್ಲಿ ನಿಂತ ಕಾರಿನೊಳಗೆ ಕೂತಿದ್ದಳು. ಕಾರು ಜಾರದಿರಲೆಂದು ಗಂಡ ಗೋವಿಂದ ಎಂದಿನಂತೆ ಮುಂದಿನ ಚಕ್ರವನ್ನು ಚಿರೆಕಲ್ಲಿಗೆ ಒತ್ತಿ ನಿಲ್ಲಿಸಿದ್ದ. ಇಂದು ಕೀಲಿ ಅರ್ಧಕ್ಕೇ ಸಿಕ್ಕಿಬಿದ್ದು ತಿರುಗಲೂ ಇಲ್ಲ, ಹೊರಬರಲೂ ಇಲ್ಲ.

"ಬಸ್ಸಿಗಾದ್ರೂ ಹೋಗ್ವಾ" ಎಂದಳು.

"ಈಗ ಆತು, ಸುಮ್ನಿರೆ" ಎನ್ನುತ್ತ ಅವನು ಮುಕ್ಕಾಲು ಗಂಟೆ ಕೀಲಿಯನ್ನೇ ತಿರುಚಿದ.

ಕೊನೆಗೆ ಗ್ಯಾರೇಜಿನ ಅಂತೋನಿ ಬಂದ. "ಎಂತ ಗೋವಿಂದಣ್ಣ, ಕೀಲಿ ಮೇಲೆ ಎಂತಕ್ಕೆ ಸಿಟ್ಟು? ಚಕ್ರ ಕಲ್ಲಿಗೆ ಒತ್ತಿ ಸ್ಟೇರಿಂಗ್ ಲಾಕ್ ಬಿಗಿದದೆ." ಸ್ಟೇರಿಂಗನ್ನು ಅದು ತುಸು ಸಡಿಲ ಕೊಡುವ ಕಡೆಗೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕೀಲಿಯನ್ನು ಮೆಲ್ಲಗೆ ತಿರುಗಿಸಿದ. ಟಕ್ಕೆಂದು ಬಿಟ್ಟಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಗೋವಿಂದ ದಾರಿಯುದ್ದಕ್ಕೂ ಕಾರನ್ನು ಜೋರಾಗಿ ಓಡಿಸಿದ. ಮಿರ್ಜಾನದ ಅಂಗಳದಲ್ಲಿ ಪಕ್ಕದ ಮನೆಯ ತಿಮ್ಮಿ ಎದುರಾದಳು.

"ಈಗಷ್ಟೇ ಹೋದ್ರು ಅಕ್ಕಾ. ನಿಮ್ಮನ್ನೇ ಕೇಳ್ತಿದ್ರು. ನೀರು ನಾನೇ ಬಿಟ್ಟೆ."

ಮೋಹಿನಿ ಕೊಟ್ಟ ಮಾತು ನಡೆಯಲಿಲ್ಲ.