ಹತ್ತುವ ಗಾಡಿಗೆ ದಾರಿ

ಬ್ಯಾಟರಾಯಪ್ಪನ ಕತ್ತು ಹಿಂದಕ್ಕೆ ತಿರುಗುವುದು ನಿಂತು ವರ್ಷವಾಗಿತ್ತು. ಆಟೋ ಸ್ಟ್ಯಾಂಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕೂಗಿದರೆ ಅವನು ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಜನ ಅದನ್ನು ಗತ್ತು ಅಂದುಕೊಂಡಿದ್ದರು. ಅವನೂ ಹಾಗೇ ಇರಲಿ ಎಂದು ಬಿಟ್ಟಿದ್ದ. ಗೊತ್ತಾದರೆ ಗಾಡಿ ಓಡಿಸೋದು ಬಿಡು ಅನ್ನುತ್ತಾರೆ.

ಚಿಕ್ಕಬಾಣಾವರ ಸ್ಟೇಷನ್ನಿನ ಹತ್ತಿರ ಮುನಿಯಲ್ಲಮ್ಮನ ಟೀ ಅಂಗಡಿಯ ಮುಂದೆ ಅವನು ಆಟೋ ನಿಲ್ಲಿಸಿ ಇಳಿಯುವಷ್ಟರಲ್ಲಿ ಅದೇ ಸ್ಟ್ಯಾಂಡಿನ ಆಟೋದ ಅಬ್ರಾರ್ ಎದುರಿಗೆ ಬಂದು ನಿಂತ.

"ಏನ್ ಬ್ಯಾಟಣ್ಣ, ಅಂಡರ್‌ಪಾಸು ನಿಮ್ಮ ತಾತ ಕಟ್ಸಿದ್ದಾ?"

"ಟೀ ಕುಡಿಯಾಕ್ ಬಿಡಪ್ಪ."

"ಕುಡೀರಿ. ನನ್ನ ಪ್ಯಾಸೆಂಜರ್ ಮಾತ್ರ ಇಳಿದು ಓಡ್ತು. ತುಮಕೂರು ಟ್ರೈನು ಸಿಕ್ತೋ ಇಲ್ವೋ."

ರೈಲು ಹಳಿಯ ಕೆಳಗಿನ ಆ ದಾರಿಯಲ್ಲಿ ಒಂದೇ ಗಾಡಿ ಹಿಡಿಸುತ್ತದೆ. ಎರಡೂ ಕಡೆಯಿಂದ ಇಳಿಜಾರು, ನಡುವೆ ಚರಂಡಿಯ ಕಬ್ಬಿಣದ ಜಾಲರಿ. ಬೆಳಿಗ್ಗೆ ಇಬ್ಬರೂ ಅಲ್ಲಿ ಮುಖಾಮುಖಿ ನಿಂತಿದ್ದರು. ಬ್ಯಾಟರಾಯಪ್ಪ ಕದಲಲಿಲ್ಲ. ಕೊನೆಗೆ ಅಬ್ರಾರ್, ತನ್ನ ಹಿಂದಿದ್ದ ಕಾರಿನವನ ಬೈಗುಳ ತಿಂದು, ಅವನನ್ನೂ ಹಿಂದೆ ಸರಿಸಿ, ತಾನೂ ರಿವರ್ಸ್ ಹೋಗಿದ್ದ.

"ಇಬ್ರೂ ಕಿರುಚ್ಬೇಡ್ರಪ್ಪಾ, ಗಿರಾಕಿ ಓಡೋಗ್ತವೆ," ಮುನಿಯಲ್ಲಮ್ಮ ಎರಡು ಲೋಟ ಮುಂದಿಟ್ಟಳು. "ರೂಲ್ಸ್ ಏನೈತೆ, ಅದನ್ನ ಹೇಳಿ ಮುಗಿಸ್ಕಳಿ."

"ರೂಲ್ಸ್ ಇಬ್ರಿಗೂ ಗೊತ್ತಮ್ಮ. ಸಣ್ಣ ದಾರೀಲಿ ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು. ಅಲ್ವಾ ಅಣ್ಣಾ?"

"ಊಂ. ಬ್ಯಾಡ್ಜ್ ಮಾಡ್ಸಿದಾಗ ನನ್ನನ್ನೂ ಅದೇ ಕೇಳಿದ್ರು."

"ಹಂಗಾದ್ರೆ ಹತ್ತುತಾ ಇದ್ದಿದ್ದು ನಾನು."

"ನಾನು ಕಣೋ. ಜಾಲರಿ ದಾಟಿದ್ದೆ."

"ಜಾಲರಿ ನನ್ನ ಹಿಂದಿನ ಚಕ್ರದ ಹಿಂದಿತ್ತು ಗುರುವೇ! ಎರಡು ಜಾಲರಿ ಇದಾವಾ ಅಲ್ಲಿ?"

ಬೆಂಚಿನ ಮೇಲಿದ್ದವರು ನಕ್ಕರು. ಬ್ಯಾಟರಾಯಪ್ಪನಿಗೆ ಸಿಟ್ಟು ಬಂತು. ಅಲ್ಲಿಯವರೆಗೆ ಅವನು ಕಡಿಮೆ ಮಾತಾಡಿದ್ದ. ಈಗ ಜಾಸ್ತಿ ಮಾತಾಡಿದ.

"ನಿನ್ ಕಂಡ್ ತಕ್ಷಣ ನಾನೇನ್ ಸುಮ್ನೆ ಇದ್ನಾ? ಬ್ರೇಕ್ ಹಾಕಿ ಸೆಲ್ಫ್ ಹೊಡ್ದೆ. ಹತ್ಕಳ್ಳಿಲ್ಲ. ಮೂರ್ನೇ ಸಲ ಸ್ಟಾರ್ಟ್ ಆಯ್ತು. ಅಷ್ಟರಾಗೆ ನೀನು ಹಾರನ್ ಸುರು ಹಚ್ಕಂಡೆ."

ಅಬ್ರಾರ್ ಲೋಟ ಕೆಳಗಿಟ್ಟ.

"ನನ್ನ ಕಂಡಾಗ ಇಂಜಿನ್ ಆಫ್ ಇತ್ತಾ?"

"ಗ್ಯಾಸ್ ರೇಟು ನಿನಗೂ ಗೊತ್ತಲ್ಲ. ದಿನಾ ಆಫ್ ಮಾಡೇ..." ಬ್ಯಾಟರಾಯಪ್ಪ ಅಲ್ಲಿಗೇ ನಿಲ್ಲಿಸಿದ.

"ಇಂಜಿನ್ ಆಫ್ ಮಾಡಿ ದಿಣ್ಣೆ ಹತ್ತೋ ಗಾಡಿ ಯಾವ್ದಣ್ಣ? ನಾನೂ ಒಂದು ತಗೋತೀನಿ."

ಯಾರೂ ಹೆಚ್ಚು ಹೇಳಬೇಕಾಗಿರಲಿಲ್ಲ. ಅಲ್ಲಿದ್ದ ಎಲ್ಲರೂ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವವರೇ. ಹತ್ತುವಾಗ ಯಾರೂ ಮಾಡುವುದಿಲ್ಲ.

"ಆಯ್ತು," ಬ್ಯಾಟರಾಯಪ್ಪ ಹೇಳಿದ. "ಇಳೀತಿದ್ದೋನು ನಾನೇ. ತಪ್ಪು ನಂದು."

ಅಬ್ರಾರ್‌ಗೆ ಅಷ್ಟು ಸಾಕಾಗಲಿಲ್ಲ. "ಮತ್ತೆ ರೂಲ್ಸ್ ಗೊತ್ತಿದ್ದೂ ಯಾಕ್ ರಿವರ್ಸ್ ಹಾಕ್ಲಿಲ್ಲ? ನಿಮ್ಮ ಹಿಂದೆ ಒಂದು ಸೈಕಲ್ಲೂ ಇರ್ಲಿಲ್ಲ. ನಾಳೆನೂ ಹಿಂಗೇ ನಿಂತ್ಕೊಂಡ್ರೆ?"

ಗತ್ತು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಾಳೆ ಮತ್ತೆ ಅದೇ ದಾರಿ. ನಾಳೆ ಸಿಗುವವನು ಅಬ್ರಾರ್‌ನಂತೆ ಹಿಂದೆ ಹೋಗದಿದ್ದರೆ, ರಿವರ್ಸ್ ಹಾಕಲೇಬೇಕು. ಎರಡೂ ಬದಿ ಗೋಡೆ. ಕನ್ನಡಿಯಲ್ಲಿ ಕಾಣುವುದು ಅರ್ಧ. ಹಿಂದೆ ಶಾಲೆಗೆ ನಡೆದು ಹೋಗುವ ಮಕ್ಕಳೂ ಇರಬಹುದು.

"ಕತ್ತು ತಿರುಗಲ್ಲ ಕಣೋ," ಅಂದ. "ಒಂದ್ ವರ್ಸ ಆಯ್ತು."

ಮುನಿಯಲ್ಲಮ್ಮ ಸ್ಟೌವ್ ಸಣ್ಣ ಮಾಡಿದಳು.

"ಆಸ್ಪತ್ರೆಗೆ ತೋರಿಸಿದ್ರಾ?" ಅಬ್ರಾರ್ ಕೇಳಿದ.

"ಇಲ್ಲ. ಗಾಡಿ ಬಿಡು ಅಂದ್ರೆ?"

"ಅನ್ಲಿ. ಹಿಂದೆ ನೋಡಕ್ಕಾಗದೋರು ಓಡಿಸ್ಬಾರ್ದು. ಬೇಜಾರ್ ಮಾಡ್ಕೊಂಡ್ರೂ ಸರಿ, ಹೇಳ್ತೀನಿ. ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರ್ಗೂ ಇಂಜಿನ್ ಆಫ್ ಮಾಡ್ಬೇಡಿ, ಒಳಗೆ ಯಾರಾದ್ರೂ ಇದ್ರೆ ಇಳೀಬೇಡಿ. ಮೇಲೇ ನಿಲ್ಲಿ."

"ಹಿಂದಿನೋರು ಬೈತಾರೆ."

"ಬೈಲಿ. ನಾನೂ ಬೆಳಿಗ್ಗೆ ಬೈಸ್ಕೊಂಡೆ."

ಟೀ ಮುಗಿಸಿ ಬ್ಯಾಟರಾಯಪ್ಪ ಒಬ್ಬ ಹೆಂಗಸನ್ನು ಹತ್ತಿಸಿಕೊಂಡು ಹೊರಟ. ಅಂಡರ್‌ಪಾಸಿನ ಬಾಯಿಯಲ್ಲಿ ಗಾಡಿ ನಿಲ್ಲಿಸಿದ. ಆ ಕಡೆಯಿಂದ ಒಂದು ಟೆಂಪೋ ಒಳಗಿಳಿದು ಜಾಲರಿಯ ಹತ್ತಿರ ಬರುತ್ತಿತ್ತು.

"ಯಾಕ್ರೀ ನಿಂತ್ರಿ? ನುಗ್ಸಿದ್ರೆ ಅವನೇ ಹಿಂದೆ ಹೋಗ್ತಾನೆ," ಹೆಂಗಸು ಹೇಳಿದಳು.

"ಅವ್ನು ಹತ್ತಬೇಕಮ್ಮ."

ಹಿಂದೆ ಹಾರನ್ ಶುರುವಾಯಿತು. ಒಬ್ಬ, ಆಮೇಲೆ ಇಬ್ಬರು, ಆಮೇಲೆ ಬಸ್ಸಿನದೂ ಸೇರಿತು. ಕೈ ಅಭ್ಯಾಸಕ್ಕೆ ಕೀಯ ಕಡೆ ಹೋಯಿತು. ಅವನು ಅದನ್ನು ವಾಪಸ್ ಹ್ಯಾಂಡಲ್ ಮೇಲಿಟ್ಟ. ಗ್ಯಾಸ್ ಸುಮ್ಮನೆ ಉರಿಯುತ್ತಿತ್ತು. ಟೆಂಪೋ ಗುರ್ರೆನ್ನುತ್ತಾ ಮೇಲಕ್ಕೆ ಬಂತು, ಪಕ್ಕದಿಂದ ದಾಟಿಹೋಯಿತು, ಡ್ರೈವರ್ ಇತ್ತ ನೋಡಲೂ ಇಲ್ಲ.

ದಾರಿ ಖಾಲಿಯಾಯಿತು. ಬ್ಯಾಟರಾಯಪ್ಪ ಇಂಜಿನ್ ಆಫ್ ಮಾಡದೆ, ಗೇರಿನಲ್ಲೇ ಇಳಿದ.