ಲಾಳದ ಗುರುತು

ಚಾಮರಾಜನಗರದ ಆ ಪ್ರೆಸ್ಸಿನಲ್ಲಿ ಬ್ರಾಕೆಟ್ಟಿನ ಅಚ್ಚುಮೊಳೆಗಳಿದ್ದದ್ದು ಮೂವತ್ತು ಜೊತೆ. ಮದುವೆ ಕಾಗದ, ತಿಥಿ ಕಾಗದ, ನಾಟಕದ ನೋಟೀಸು ಅಚ್ಚುಹಾಕುವವರಿಗೆ ಮೂವತ್ತು ಜೊತೆ ಬ್ರಾಕೆಟ್ಟು ಮೂರು ತಲೆಮಾರಿಗೆ ಸಾಕು. ವರನ ಹೆಸರಿನ ಮುಂದೆ ಬಿ.ಎ. ಎಂದು ಹಾಕುವಾಗ ಒಂದು ಜೊತೆ ಬೇಕಾದರೆ ಅದೇ ಹೆಚ್ಚು. ಹದಿನಾರು ವರ್ಷದಿಂದ ಅಲ್ಲಿ ಮೊಳೆ ಜೋಡಿಸುತ್ತಿದ್ದ ಶಾಂತಮಲ್ಲಪ್ಪನಿಗೆ ಬ್ರಾಕೆಟ್ಟು ಸಾಲದೆ ಹೋಗುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದ.

ಆ ದಿನ ಬಂದದ್ದು ಮಂಗಳಗೌರಿಯ ದೆಸೆಯಿಂದ. ಗುಂಡ್ಲುಪೇಟೆಯ ಹುಡುಗಿ, ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ತರ್ಕವನ್ನು ಗುರುತುಗಳಲ್ಲಿ ಬರೆದು ಕಲಿಸುವ ಹೊಸ ಪದ್ಧತಿಯನ್ನು ಕನ್ನಡದಲ್ಲೇ ಪುಸ್ತಕ ಮಾಡುತ್ತೇನೆ ಎಂದು ಹಟ ತೊಟ್ಟಿದ್ದಳು. ಮೈಸೂರಿನ ಸಮಿತಿಯವರು, ಕನ್ನಡದಲ್ಲಿ ಇದೆಲ್ಲ ಆಗುವ ಮಾತೇ, ಬೇಕಾದರೆ ನಾಲ್ಕು ಪುಟದ ಮಾದರಿ ಅಚ್ಚುಹಾಕಿಸಿ ತನ್ನಿ, ನೋಡೋಣ ಎಂದಿದ್ದರಂತೆ. ರಜೆಗೆ ಊರಿಗೆ ಬಂದವಳು ಆ ನಾಲ್ಕು ಪುಟವನ್ನು ಶಾಂತಮಲ್ಲಪ್ಪನ ಕೈಗಿಟ್ಟಳು.

ಅವನಿಗೆ ಅದೊಂದು ಹಬ್ಬವಾಯಿತು. ಪ, ಬ, ಮ ಎಂಬ ಅಕ್ಷರ ಒಂದೊಂದೂ ಒಂದೊಂದು ಮಾತಿಗೆ ನಿಂತಿತ್ತು. ‘ಮತ್ತು’ ಎನ್ನುವುದಕ್ಕೆ ಒಂದು ಚುಕ್ಕಿ, ‘ಅಥವಾ’ ಎನ್ನುವುದಕ್ಕೆ ಇಂಗ್ಲಿಷ್ ವಿ. ‘ಹೀಗಾದರೆ ಹಾಗೆ’ ಎನ್ನುವುದಕ್ಕೆ ಕುದುರೆ ಲಾಳದಂಥ ಗುರುತು ಬೇಕಿತ್ತು. ಅದು ಪ್ರೆಸ್ಸಿನಲ್ಲೆಲ್ಲಿ ಬರಬೇಕು? ಇಂಗ್ಲಿಷ್ ಯು ಮೊಳೆಯನ್ನು ಅಡ್ಡ ಮಲಗಿಸಿ, ಸುತ್ತ ತಗಡು ತುರುಕಿ ಲಾಳ ಮಾಡಿದ. ಮಂಗಳಗೌರಿ ಮೊದಲ ಪ್ರೂಫು ನೋಡಿ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ್ದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಅವನಿಗೇ ಪಾಠ ಮಾಡಿದಳು.

“ಶಾಂತಮಲ್ಲಪ್ಪನೋರೆ, ಲಾಳ ಸುಳ್ಳಾಗೋದು ಒಂದೇ ಸಲ. ಎಡಗಡೆ ಮಾತು ನಿಜವಾಗಿ ಬಲಗಡೆ ಮಾತು ಸುಳ್ಳಾದಾಗ. ಮಿಕ್ಕಾಗೆಲ್ಲ ನಿಜ.”

“ಎಡಗಡೆದೇ ಸುಳ್ಳಾದ್ರೆ ತಾಯಿ?”

“ಆಗಲೂ ನಿಜಾನೇ. ಮಳೆ ಬಂದ್ರೆ ಕೊಡೆ ಕೊಡ್ತೀನಿ ಅಂದೆ. ಮಳೆ ಬರಲೇ ಇಲ್ಲ. ನಾನು ಮಾತಿಗೆ ತಪ್ಪಿದೆನಾ?”

“ಇಲ್ಲ ಬುಡಿ,” ಎಂದ ಶಾಂತಮಲ್ಲಪ್ಪ. ಅವನಿಗೆ ಹೊಟ್ಟೆ ತುಂಬಿದ ಹಾಗಾಯಿತು.

ಬ್ರಾಕೆಟ್ಟು ಉಳಿಸುವ ಉಪಾಯವೂ ಪುಸ್ತಕದ ಎರಡನೇ ಪುಟದಲ್ಲಿತ್ತು. ಚುಕ್ಕಿಯ ಹಿಡಿತ ವಿಗಿಂತ ಬಿಗಿ, ವಿಯ ಹಿಡಿತ ಲಾಳಕ್ಕಿಂತ ಬಿಗಿ. ಹಾಗಾಗಿ (ಪ · ಬ) v ಮ ಎಂಬಲ್ಲಿ ಬ್ರಾಕೆಟ್ಟು ತೆಗೆದರೂ ಅರ್ಥ ಕೆಡುವುದಿಲ್ಲ. ಪ · (ಬ v ಮ) ಎಂಬಲ್ಲಿ ಮಾತ್ರ ಮುಟ್ಟಕೂಡದು. ಇನ್ನೊಂದು ನಿಯಮವೂ ಇತ್ತು: ಒಂದೇ ಗುರುತು ಸಾಲಾಗಿ ಬಂದಲ್ಲಿ ಒಳಗಿನ ಬ್ರಾಕೆಟ್ಟುಗಳನ್ನು ಬಿಡಬಹುದು. ಶಾಂತಮಲ್ಲಪ್ಪ ಇವನ್ನು ಜೋಡಿಸುವಾಗಲೇ ಬಾಯಿಪಾಠ ಮಾಡಿಕೊಂಡಿದ್ದ.

ಎಡವಟ್ಟಾದದ್ದು ಅಲ್ಲೇ. ಎರಡನೇ ಪ್ರೂಫಿಗೆ ಸೈ ಎಂದು ಬರೆದ ಮೇಲೆ ಮಂಗಳಗೌರಿ ನಾಲ್ಕನೇ ಪುಟದ ಕೊನೆಗೆ ಎರಡು ಉದ್ದುದ್ದ ಲೆಕ್ಕ ಸೇರಿಸಿ ಕಳಿಸಿದಳು. ಮೊಳೆಯ ಖಾನೆಯಲ್ಲಿ ಒಂದು ಬ್ರಾಕೆಟ್ಟೂ ಉಳಿದಿರಲಿಲ್ಲ. ಮೊಳೆ ಸಾಲದಿದ್ದಾಗ ಕಟ್ಟಿಟ್ಟ ಪುಟದಿಂದಲೇ ಬೇಡವಾದ್ದನ್ನು ಕಿತ್ತು ತರುವುದು ಕಂಪೋಸಿಟರುಗಳ ಹಳೆಯ ಚಾಳಿ. ಶಾಂತಮಲ್ಲಪ್ಪ ಚಿಮಟ ಹಿಡಿದು ಪುಟಗಳನ್ನು ಹುಡುಕುತ್ತ ಹೋದ. ನಿಯಮದ ಪ್ರಕಾರ ಎಲ್ಲೆಲ್ಲಿ ತೆಗೆಯಬಹುದೋ ಅಲ್ಲಲ್ಲಿ ತೆಗೆದ. ತೆಗೆದದ್ದೆಲ್ಲ ಜೊತೆಜೊತೆಯಾಗಿ, ತೆರೆದದ್ದು ಎಷ್ಟೋ ಮುಚ್ಚಿದ್ದು ಅಷ್ಟೇ ಎಂದು ಎರಡು ಸಲ ಎಣಿಸಿದ. ಸರಿಯಾಗಿತ್ತು. ಇನ್ನೊಂದು ಪ್ರೂಫು ಕಳಿಸುವಷ್ಟು ಹೊತ್ತಿರಲಿಲ್ಲ, ಕಳಿಸಬೇಕೆಂದು ಅವನಿಗೆ ತೋರಲೂ ಇಲ್ಲ. ಅಷ್ಟು ಜಂಬ ಬಂದಿತ್ತು ಅವನಿಗೆ.

ಮಾಲೀಕ ವೃಷಭೇಂದ್ರಪ್ಪ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇಪ್ಪತ್ತು ಪ್ರತಿ ಗುಂಡ್ಲುಪೇಟೆಗೆ ಕಳಿಸಿದ. ನಾಲ್ಕು ಗಂಟೆಯ ಬಸ್ಸಿಗೆ ಅವನ್ನು ಹಿಡಿದು ಮಂಗಳಗೌರಿ ಮೈಸೂರಿಗೆ ಹೊರಡುವವಳು. ಮಾರನೆಯ ದಿನ ಸಮಿತಿ. ಹನ್ನೊಂದು ಗಂಟೆಗೆ ಶಾಂತಮಲ್ಲಪ್ಪ, ತನ್ನ ಕೆಲಸ ತಾನೇ ಕಣ್ತುಂಬ ನೋಡೋಣ ಎಂದು ಮಿಕ್ಕ ಪ್ರತಿಯೊಂದನ್ನು ಬೆಳಕಿಗೆ ಹಿಡಿದ. ಮೊಳೆಯಲ್ಲಿ ಎಲ್ಲ ತಿರುಗುಮುರುಗು. ಕಾಗದದ ಮೇಲೆ ಬಂದಾಗಲೇ ಮುಖ ಕಾಣುವುದು. ನಾಲ್ಕನೇ ಪುಟದಲ್ಲಿ ಹೀಗಿತ್ತು:

(೧) ಪ ⊃ ಬ ⊃ ಮ
(೨) ಪ ⊃ ಬ ⊃ ಮ
ಇವೆರಡೂ ಒಂದೇ ಅಲ್ಲವೆಂದು ತೋರಿಸಿ.

ಅವನು ಎರಡು ಸಾಲನ್ನೂ ಬೆರಳಿಟ್ಟು ಮತ್ತೊಮ್ಮೆ ಓದಿದ. ಹಸ್ತಪ್ರತಿ ತೆಗೆದು ನೋಡಿದ. ಮೊದಲನೆಯದು ಪ ⊃ (ಬ ⊃ ಮ). ಎರಡನೆಯದು (ಪ ⊃ ಬ) ⊃ ಮ. ಒಂದೇ ಗುರುತು ಸಾಲಾಗಿ ಬಂದಿದೆ ಎಂದು ಎರಡರದ್ದೂ ಕಿತ್ತಿದ್ದ. ಸಮಿತಿಯವರು ನಗುವುದಕ್ಕೆ ಇನ್ನೇನು ಬೇಕು? ಎರಡು ಒಂದೇ ಸಾಲು ಬರೆದು ಬೇರೆ ಬೇರೆ ಎಂದು ತೋರಿಸಿ ಎನ್ನುವ ಪುಸ್ತಕ! ಆ ಹುಡುಗಿಯ ಮರ್ಯಾದೆ ಮಣ್ಣುಪಾಲು.

“ಸಾಮಿ, ಗುಂಡ್ಲುಪೇಟೆಗೆ ಓಗಿ ಬತ್ತೀನಿ,” ಎಂದ.

“ಏನ್ಲಾ ಅಂಥ ಅವಸರ?” ಎಂದ ವೃಷಭೇಂದ್ರಪ್ಪ.

“ತಪ್ಪು ಮಾಡ್ಬುಟ್ಟಿವ್ನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ.

ಹನ್ನೆರಡರ ಬಸ್ಸು ಒಂದಕ್ಕೆ ಬಂತು. ಉಡಿಗಾಲದ ಹತ್ತಿರ ಹೊಗೆ ಕಾರಿ ನಿಂತಿತು. ಡ್ರೈವರು ನೀರು ತರಲು ಕೊಡ ಹಿಡಿದು ಬಾವಿಯ ಕಡೆ ನಡೆದ, ಅವನಿಗೇನು ಯುಗಾದಿಯ ಬಿಡುವು. ಶಾಂತಮಲ್ಲಪ್ಪ ಇಳಿದ, ಹತ್ತಿದ, ಮತ್ತೆ ಇಳಿದ. ಅವನ ತಲೆಯಲ್ಲಿ ಒಂದು ಆಸೆ ಹುಟ್ಟಿತ್ತು: ನಿಯಮ ನಿಯಮವೇ ತಾನೆ? ಆ ಎರಡು ಸಾಲೂ ನಿಜಕ್ಕೂ ಒಂದೇ ಆಗಿದ್ದರೆ? ಅಮ್ಮಾವ್ರೇ ತಪ್ಪಿದ್ದರೆ?

ಟಿಕೆಟ್ಟಿನ ಹಿಂದೆ ಸೀಸದ ಕಡ್ಡಿಯಿಂದ ಬರೆದ. ಪ ಅಂದರೆ ಬಸ್ಸು ಈಗ ಹೊರಡುತ್ತದೆ. ಬ ಅಂದರೆ ಮತ್ತೆಲ್ಲೂ ನಿಲ್ಲುವುದಿಲ್ಲ. ಮ ಅಂದರೆ ನಾಲ್ಕರೊಳಗೆ ಮುಟ್ಟುತ್ತೇನೆ. ಬಸ್ಸು ಈಗ ಹೊರಡಲಿಲ್ಲ, ನಾನು ಮುಟ್ಟಲೂ ಇಲ್ಲ ಎಂದಿಟ್ಟುಕೋ. ಮೊದಲನೇ ಸಾಲು: ಹೊರಟರೆ, ಆಮೇಲೆ ನಿಲ್ಲದಿದ್ದರೆ ಮುಟ್ಟುತ್ತೇನೆ. ಹೊರಡಲೇ ಇಲ್ಲವಲ್ಲ, ಮಾತಿಗೆ ತಪ್ಪಿಲ್ಲ, ನಿಜ. ಎರಡನೇ ಸಾಲು: ‘ಹೊರಟರೆ ನಿಲ್ಲುವುದಿಲ್ಲ’ ಎನ್ನುವುದು ನಿಜವಾದರೆ ಮುಟ್ಟುತ್ತೇನೆ. ಹೊರಡದೆ ಇದ್ದುದರಿಂದ ಎಡಗಡೆಯದು ನಿಜವೇ. ಆದರೆ ಮುಟ್ಟಲಿಲ್ಲ. ಎಡ ನಿಜ, ಬಲ ಸುಳ್ಳು. ಸಾಲೇ ಸುಳ್ಳು.

ಒಂದು ನಿಜ, ಒಂದು ಸುಳ್ಳು. ಬೇರೆ ಬೇರೆಯೇ. ಚುಕ್ಕಿಗೆ ಹೀಗೆ ಮಾಡಿ ನೋಡಿದ. ಎಲ್ಲಿ ಬ್ರಾಕೆಟ್ಟಿಟ್ಟರೂ ಒಂದೇ. ವಿಗೂ ಹಾಗೇ. ಲಾಳ ಮಾತ್ರ ಒಪ್ಪಲಿಲ್ಲ. ಅಂದಮೇಲೆ ಎರಡನೇ ಪುಟದ ನಿಯಮವೇ... ಅವನು ಅಲ್ಲಿಗೇ ನಿಲ್ಲಿಸಿದ. ಓದಿದವರು ಬರೆದ ನಿಯಮ ತಪ್ಪೆನ್ನಲು ನಾನ್ಯಾರು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು? ತಪ್ಪು ನನ್ನದೇ, ನನ್ನದು ಎಂದೇ ಹೇಳಬೇಕು. ಬಸ್ಸು ಕೆಮ್ಮಿ ಹೊರಟಿತು. ತೆರಕಣಾಂಬಿಯಲ್ಲಿ ಅರ್ಧ ಊರೇ ಹತ್ತಿತು. ಅವನಿಗೆ ಒಬ್ಬೊಬ್ಬರ ಮೇಲೂ ಸಿಟ್ಟು ಬಂತು.

ಗುಂಡ್ಲುಪೇಟೆಯ ಮನೆ ಬಾಗಿಲಲ್ಲಿ ಮಂಗಳಗೌರಿಯ ತಾಯಿ ಮಲ್ಲಾಜಮ್ಮ ಬುತ್ತಿ ಕಟ್ಟುತ್ತಿದ್ದರು. ಗಂಟೆ ಮೂರಾಗಿತ್ತು. ಮಂಗಳಗೌರಿ ನಾಲ್ಕನೇ ಪುಟ ಹಿಡಿದು ನಡುಮನೆಯಲ್ಲಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

“ಇದೇನ್ರೀ ಇದು?” ಎಂದಳು. “ಪ್ರೂಫಿನಲ್ಲಿ ಸರಿಯಾಗಿತ್ತು. ನಾನು ಸೈ ಅಂದಿದ್ದೆ. ಯಾರು ಮುಟ್ಟಿದ್ದು?”

“ನಾನೇ ಕಣಮ್ಮಾ. ಬ್ರಾಕೆಟ್ ಸಾಲ್ನಿಲ್ಲ. ಒಂದೇ ಗುರುತು ಬಂದ್ರೆ ಬುಡಬೌದು ಅಂತ ಇತ್ತಲ್ಲ, ಅದ್ಕೆ ತಗದ್ಬುಟ್ಟೆ. ನಂದೇ ತಪ್ಪು.”

“ಎಲ್ಲಿತ್ತು ಹಾಗೆ?”

ಅವನು ಎರಡನೇ ಪುಟದ ಮೇಲೆ ಮಸಿ ಹಿಡಿದ ಬೆರಳಿಟ್ಟ. ಅವಳು ಗಟ್ಟಿಯಾಗಿ ಓದಿದಳು. ಇನ್ನೊಂದು ಸಲ ಮೆಲ್ಲಗೆ ಓದಿದಳು. ಆಮೇಲೆ ಗೋಡೆಗೊರಗಿ ಕೂತುಬಿಟ್ಟಳು.

“ಚುಕ್ಕಿಗೆ, ವಿಗೆ ಅಂತ ಬರೀಬೇಕಿತ್ತು. ಎಲ್ಲಾದಕ್ಕೂ ಬರೆದುಬಿಟ್ಟಿದ್ದೀನಿ,” ಎಂದಳು. “ಎರಡು ಸಲ ಪ್ರೂಫು ನೋಡಿದೆ. ಒಂದು ಸಲವೂ ಕಣ್ಣಿಗೆ ಬೀಳಲಿಲ್ಲವಲ್ಲ.”

“ಬಸ್ಸಲ್ಲಿ ನಾನೂ ಹಾಕಿ ನೋಡ್ದೆ,” ಎಂದು ಶಾಂತಮಲ್ಲಪ್ಪ ಹೆದರುತ್ತ ಟಿಕೆಟ್ಟು ಚಾಚಿದ.

ಅವಳು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು ಬಂತು; ನಾಚಿಕೆಗೋ ಸಂತೋಷಕ್ಕೋ, ಎರಡಕ್ಕೂ ಇರಬೇಕು. “ಗೊತ್ತಿದ್ದೂ ಯಾಕೆ ನಿಮ್ಮ ತಪ್ಪು ಅಂದ್ರಿ?”

ಅವನು ಪ್ರತಿಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಮಲ್ಲಾಜಮ್ಮ ಒಳಗಿನಿಂದ, “ಮಾತಾಡ್ತಾ ಕುಂತ್ರೆ ಬಸ್ಸು ಓಗ್ತದೆ ಕಣಮ್ಮಿ,” ಎಂದು ಮಸಿಕುಡಿಕೆ ತಂದು ನಡುವೆ ಇಟ್ಟರು.

ಇದ್ದದ್ದು ಮುಕ್ಕಾಲು ಗಂಟೆ. ಬ್ರಾಕೆಟ್ಟು ಬರೆಯುವುದು ಶಾಂತಮಲ್ಲಪ್ಪನ ಪಾಲು. ಅಚ್ಚಿನ ಬ್ರಾಕೆಟ್ಟಿಗೆ ಒಂದು ಕೂದಲಿನ ವ್ಯತ್ಯಾಸವಿಲ್ಲದ ಹಾಗೆ ಎಳೆದ. ನಿಯಮ ತಿದ್ದುವುದು ಅವಳ ಪಾಲು. ಅವಳು ಹಳೆಯದಕ್ಕೆ ಚುಕ್ಕಿ, ವಿ ಎಂಬ ಎರಡು ಮಾತು ಸೇರಿಸಿದಳು. ಅಂಚಿನಲ್ಲಿ ಹೊಸದನ್ನು ಬರೆಯಲು ಹೋಗಿ ಪೆನ್ನೆತ್ತಿ ಕೂತಳು.

“ನೀವು ಹೇಳಿ. ಲಾಳಕ್ಕೆ ಏನಂತ ಬರೀಲಿ?”

“ನಾನಾ?”

“ತಪ್ಪು ಕಂಡವರು ತಾನೆ ಹೇಳಬೇಕಾದ್ದು? ಬೇಗ.”

ಶಾಂತಮಲ್ಲಪ್ಪ ಟಿಕೆಟ್ಟಿನ ಕಡೆ ಒಮ್ಮೆ ನೋಡಿದ. “ಲಾಳ ಎರಡು ಬಂದ್ರೆ ಬ್ರಾಕೆಟ್ ತೆಗೀಬಾರ್ದು. ಯಾವ್ದು ಯಾವ್ದರ ಜೊತೆ ಅಂತ ಓದೋರ್ಗೆ ಗೊತ್ತಾಗಕ್ಕಿಲ್ಲ.”

ಅವಳು ಅದನ್ನೇ ಬರೆದಳು. ಭಾಷೆ ಚೂರು ನೆಟ್ಟಗೆ ಮಾಡಿದಳು, ಅಷ್ಟೇ. ಬಸ್ಸಿನ ಹಾರನ್ನು ಕೇಳಿಸಿದಾಗ ಹದಿಮೂರು ಪ್ರತಿ ಮುಗಿದಿತ್ತು. ಸಮಿತಿಯಲ್ಲಿ ಒಂಬತ್ತೇ ಜನ. ಮಂಗಳಗೌರಿ ಹದಿಮೂರನ್ನೂ ಎದೆಗವುಚಿಕೊಂಡು ಓಡಿದಳು, ಬುತ್ತಿ ಹಿಡಿದು ಮಲ್ಲಾಜಮ್ಮ ಹಿಂದೆ ಓಡಿದರು.

ನಾಲ್ಕನೇ ದಿನ ಪ್ರೆಸ್ಸಿಗೆ ಮಂಗಳಗೌರಿಯ ಕಾರ್ಡು ಬಂತು. ಸಮಿತಿ ಒಪ್ಪಿದೆ, ಪೂರ್ತಿ ಪುಸ್ತಕ ಆಗಲಿ, ಆ ನಾಲ್ಕು ಪುಟವನ್ನು ಹೊಸದಾಗಿ ಜೋಡಿಸಿ ಎಂದಿತ್ತು. ಶಾಂತಮಲ್ಲಪ್ಪ ಎರಡನೇ ಪುಟಕ್ಕೆ ಕೈಹಾಕಿದ. ಹದಿನಾರು ವರ್ಷ ಊರವರ ಮಾತನ್ನೆಲ್ಲ ಜೋಡಿಸಿದ ಕೈ ತಾನೇ ಹೇಳಿದ ಈ ಒಂದು ಸಾಲನ್ನು ಎರಡು ಸಲ ಬಿಚ್ಚಿ ಜೋಡಿಸಿತು. ಒಂದು ಮೊಳೆ ಜಾರಿ ಕೆಳಗೆ ಬಿತ್ತು. ಎತ್ತಿ ಊದಿ ಇಟ್ಟ. ನಾಲ್ಕನೇ ಪುಟಕ್ಕೆ ಬರುವ ಹೊತ್ತಿಗೆ ಬ್ರಾಕೆಟ್ಟು ಮತ್ತೆ ಮುಗಿಯಿತು.

“ಮೈಸೂರಿಂದ ಬ್ರಾಕೆಟ್ ತರ್ಸಿ ಸಾಮಿ,” ಎಂದ. “ಅಲ್ಲೀವರ್ಗೂ ಕೆಲ್ಸ ನಿಂತಂಗೇ.”

“ಎರಡು ಬ್ರಾಕೆಟ್ಟಿಗೆ ಮೈಸೂರಿಗೆ ಓಗ್ಬೇಕೇನ್ಲಾ?” ವೃಷಭೇಂದ್ರಪ್ಪ ರೇಗಿದ. “ಇರೋದ್ರಲ್ಲೇ ಒಂದೆರಡು ತಗದು ಹಾಕು.”

“ತೆಗೀಬಾರ್ದು. ರೂಲ್ ಅದೆ.”

“ಯಾವನ್ದಲಾ ಆ ರೂಲು?”

ಶಾಂತಮಲ್ಲಪ್ಪ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ.

“ನಂದು ಸಾಮಿ,” ಎಂದ.